65 ವ್ಯಾಟ್ ಚಾರ್ಜರ್, 25 ವ್ಯಾಟ್ ವೇಗ

ಲ್ಯಾಪ್‌ಟಾಪಿಗೆಂದು ಮನೆಗೆ ತಂದ 65 ವ್ಯಾಟ್‌ನ ಟೈಪ್-ಸಿ ಚಾರ್ಜರ್ ಒಂದಿದೆ ಎಂದುಕೊಳ್ಳಿ. ಫೋನು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ. ಅದು ಹೆಚ್ಚೆಂದರೆ 45 ವ್ಯಾಟ್ ತೆಗೆದುಕೊಳ್ಳುತ್ತದೆ. 65 ಇರುವಲ್ಲಿ 45ಕ್ಕೇನು ಕೊರತೆ ಎಂದು ಸಿಕ್ಕಿಸಿದರೆ ಪರದೆಯ ಮೇಲೆ `Super fast charging` ಎಂದಷ್ಟೇ ಬರುತ್ತದೆ. ಕೊನೆಯಲ್ಲಿ ಇರಬೇಕಾದ `2.0` ಇಲ್ಲ. ಕೇಬಲ್ ನಡುವೆ ಮೀಟರ್ ಇಟ್ಟು ನೋಡಿದರೆ 25 ವ್ಯಾಟ್‌ನ ಆಸುಪಾಸು. ಅದೇ ಫೋನನ್ನು ಅದಕ್ಕೆಂದೇ ಮಾಡಿದ, ಲೆಕ್ಕದಲ್ಲಿ ಚಿಕ್ಕದಾದ 45 ವ್ಯಾಟ್ ಚಾರ್ಜರಿಗೆ ಹಾಕಿದರೆ `2.0` ಕಾಣಿಸಿಕೊಳ್ಳುತ್ತದೆ.

ಇಲ್ಲಿ ಚಾರ್ಜರ್ ನಕಲಿಯಲ್ಲ, ಫೋನು ಕೆಟ್ಟಿಲ್ಲ. ಕಾರಣ ಚಾರ್ಜರಿನ ಬೆನ್ನ ಮೇಲೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿದೆ. ಮೊದಲ ಚಾರ್ಜರಿನ ಮೇಲೆ ಸಾಮಾನ್ಯವಾಗಿ ಇಂಥ ಬರಹ ಇರುತ್ತದೆ:

```
5V⎓3A  9V⎓3A  15V⎓3A  20V⎓3.25A
PPS: 3.3-21V⎓3A
```

ಎರಡನೆಯದರ ಮೇಲೆ ಹೀಗೆ:

```
5V⎓3A  9V⎓3A  15V⎓3A  20V⎓2.25A
PPS: 3.3-11V⎓4.5A
```

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ 65, 45 ಎಂಬ ಅಂಕಿಗಳು ಮೊದಲ ಸಾಲಿನ ಕೊನೆಯಿಂದ ಬಂದವು. 20 ವೋಲ್ಟ್ ಗುಣಿಸು 3.25 ಆಂಪ್ಸ್ ಅಂದರೆ 65; 20 ಗುಣಿಸು 2.25 ಅಂದರೆ 45. ಆದರೆ ಈ ಫೋನು 20 ವೋಲ್ಟನ್ನು ಬಳಸುವುದೇ ಇಲ್ಲ. ಅದರ ವೇಗವನ್ನು ನಿರ್ಧರಿಸುವುದು ಎರಡನೆಯ ಸಾಲು, ಅದರಲ್ಲೂ ಆ ಸಾಲಿನ ಆಂಪ್ಸ್. ಹೀಗೇಕೆ ಎಂಬುದು ತಿಳಿದರೆ, ಬೇರೆ ಬೇರೆ ಕಂಪನಿಯ ಚಾರ್ಜರು-ಫೋನುಗಳ ಗೊಂದಲದಲ್ಲಿ ಹೆಚ್ಚಿನ ಪಾಲು ಕರಗುತ್ತದೆ.

ಬ್ಯಾಟರಿಯಿಂದಲೇ ಶುರುಮಾಡೋಣ. ಫೋನಿನ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಖಾಲಿಯಾದಾಗ ಸುಮಾರು 3.5, ತುಂಬಿದಾಗ ಸುಮಾರು 4.4. ಅದಕ್ಕೆ ಬೇಕಾದದ್ದು ಕಡಿಮೆ ವೋಲ್ಟೇಜು, ಹೆಚ್ಚು ಕರೆಂಟು. ಕೇಬಲ್ಲಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಹೋಗಿ ಬರುವ ಎರಡೂ ತಂತಿ ಸೇರಿ ಕೇಬಲ್ಲಿನ ರೋಧ 0.2 ಓಮ್ ಎಂದಿಟ್ಟುಕೊಳ್ಳಿ. 15 ವ್ಯಾಟನ್ನು 5 ವೋಲ್ಟ್‌ನಲ್ಲಿ ಕಳಿಸಲು 3 ಆಂಪ್ಸ್ ಹರಿಯಬೇಕು, ಆಗ ತಂತಿಯಲ್ಲೇ 1.8 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದೇ 15 ವ್ಯಾಟನ್ನು 9 ವೋಲ್ಟ್‌ನಲ್ಲಿ ಕಳಿಸಿದರೆ 1.67 ಆಂಪ್ಸ್ ಸಾಕು, ನಷ್ಟ ಅರ್ಧ ವ್ಯಾಟ್ ಚಿಲ್ಲರೆ. ಹಾಗಾಗಿ ವೇಗದ ಚಾರ್ಜಿಂಗ್ ಬಂದಾಗ ಮೊದಲು ಹೊಳೆದ ಉಪಾಯ ವೋಲ್ಟೇಜ್ ಏರಿಸುವುದು. ಕ್ವಾಲ್‌ಕಾಮ್ ಕಂಪನಿ 2013ರಲ್ಲಿ ತಂದ ಕ್ವಿಕ್ ಚಾರ್ಜ್ 2.0 ಮಾಡಿದ್ದು ಇದನ್ನೇ. ಯುಎಸ್‌ಬಿ ಗುಣಮಟ್ಟವನ್ನು ನೋಡಿಕೊಳ್ಳುವ ಒಕ್ಕೂಟವು ಎಲ್ಲ ಕಂಪನಿಗಳಿಗೂ ಸಮಾನವಾಗಿ ರೂಪಿಸಿದ ಪವರ್ ಡೆಲಿವರಿ, ಅಂದರೆ ಪಿಡಿ, 5, 9, 15, 20 ವೋಲ್ಟ್ ಎಂಬ ನಾಲ್ಕು ಮೆಟ್ಟಿಲುಗಳನ್ನು ನಿಗದಿ ಮಾಡಿತು.

ಪಿಡಿಯಲ್ಲಿ ಚಾರ್ಜರು ಮತ್ತು ಫೋನು ನಿಜವಾಗಿಯೂ ಮಾತಾಡಿಕೊಳ್ಳುತ್ತವೆ. ಟೈಪ್-ಸಿ ಕೇಬಲ್ಲಿನಲ್ಲಿ ಇದಕ್ಕೆಂದೇ ಸಿಸಿ ಎಂಬ ಒಂದು ತಂತಿ ಇದೆ. ಫೋನಿನೊಳಗೆ ಆ ತಂತಿಗೆ 5.1 ಕಿಲೋಓಮ್‌ನ ಒಂದು ರೆಸಿಸ್ಟರ್ ಕೂತಿರುತ್ತದೆ. ಚಾರ್ಜರ್ ಅದನ್ನು ಗುರುತಿಸುವ ತನಕ ವಿದ್ಯುತ್ತನ್ನೇ ಹೊರಬಿಡುವುದಿಲ್ಲ. ಗುರುತಿಸಿದ ಮೇಲೆ ಬರೀ 5 ವೋಲ್ಟ್ ಕೊಟ್ಟು, ತನ್ನಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಸಂದೇಶವಾಗಿ ಕಳಿಸುತ್ತದೆ. ಲೇಬಲ್ಲಿನಲ್ಲಿ ನಾವು ಓದಿದ್ದು ಆ ಪಟ್ಟಿಯನ್ನೇ. ಫೋನು ಅದನ್ನು ನೋಡಿ ಒಂದನ್ನು ಆರಿಸಿ ಕೇಳುತ್ತದೆ, ಚಾರ್ಜರ್ ಒಪ್ಪುತ್ತದೆ, ವೋಲ್ಟೇಜ್ ಬದಲಿಸುತ್ತದೆ, ಬದಲಾಯಿತು ಎಂದು ತಿಳಿಸುತ್ತದೆ. ಇದೆಲ್ಲ ಮುಗಿಯಲು ಒಂದು ಸೆಕೆಂಡೂ ಬೇಡ.

ಈ ಮಾತುಕತೆಯಲ್ಲಿ ಕೇಳುವುದು ಯಾವಾಗಲೂ ಫೋನು. ಚಾರ್ಜರ್ ಕೊಡಬಲ್ಲದೇ ಹೊರತು ತುರುಕಲಾರದು. ದೊಡ್ಡ ಚಾರ್ಜರ್ ಹಾಕಿದರೆ ಫೋನು ಸುಟ್ಟುಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಜನಕ್ಕಿದೆ. ನಿಯಮ ಪಾಲಿಸುವ 100 ವ್ಯಾಟ್ ಚಾರ್ಜರಿಗೆ 18 ವ್ಯಾಟ್‌ನ ಫೋನು ಹಾಕಿದರೂ ಅದು 18ನ್ನೇ ಕೇಳುತ್ತದೆ, 18ನ್ನೇ ಪಡೆಯುತ್ತದೆ. ಟ್ರಿಮ್ಮರು, ಟಾರ್ಚು, ಅಗ್ಗದ ಇಯರ್‌ಬಡ್ಸ್ ಮುಂತಾದವು ಹಳೆಯ ಚಪ್ಪಟೆ ಯುಎಸ್‌ಬಿ ಕೇಬಲ್ಲಿನಲ್ಲಿ ಚಾರ್ಜ್ ಆಗಿ, ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಸುಮ್ಮನಿರುವುದನ್ನು ನೀವು ಕಂಡಿರಬಹುದು. ತಯಾರಕರು ಆ 5.1 ಕಿಲೋಓಮ್ ರೆಸಿಸ್ಟರನ್ನು ಉಳಿಸಿಕೊಂಡಿರುತ್ತಾರೆ. ಕೆಲವೇ ಪೈಸೆಯ ಬಿಡಿಭಾಗ ಅದು. ಹಳೆಯ ಯುಎಸ್‌ಬಿ ಯಾರನ್ನೂ ಕೇಳದೆ 5 ವೋಲ್ಟ್ ಕೊಡುತ್ತದೆ, ಟೈಪ್-ಸಿ ಕೊಡುವುದಿಲ್ಲ.

ಈಗ ಮುಖ್ಯ ಸಮಸ್ಯೆಗೆ ಬರೋಣ. ಫೋನಿಗೆ 9 ವೋಲ್ಟ್ ಬಂತು, ಬ್ಯಾಟರಿಗೆ ಬೇಕಾದ್ದು 4ರ ಸುತ್ತ. ಇಳಿಸುವ ಕೆಲಸ ಫೋನಿನೊಳಗಿನ ಬಕ್ ಕನ್ವರ್ಟರ್ ಎಂಬ ಸರ್ಕ್ಯೂಟಿನದು. ಅದರ ದಕ್ಷತೆ ಸುಮಾರು ಶೇಕಡ 90. ಅಂದರೆ 15 ವ್ಯಾಟ್ ಬಂದರೆ ಒಂದೂವರೆ ವ್ಯಾಟ್, 25 ಬಂದರೆ ಎರಡೂವರೆ ವ್ಯಾಟ್ ಫೋನಿನ ಹೊಟ್ಟೆಯಲ್ಲೇ ಬಿಸಿ. ಇದಕ್ಕೆ ಬ್ಯಾಟರಿಯ ಸ್ವಂತ ಬಿಸಿಯೂ ಸೇರುತ್ತದೆ. ಫ್ಯಾನಿಲ್ಲದ, ಗಾಜಿನ ಬೆನ್ನಿನ, ಮೇಲೊಂದು ರಬ್ಬರ್ ಕವರ್ ಹಾಕಿದ ಫೋನಿನಲ್ಲಿ ಆ ಬಿಸಿ ಹೋಗುವುದೆಲ್ಲಿಗೆ? ವೇಗಕ್ಕೆ ತಡೆಯಾಗಿರುವುದು ಚಾರ್ಜರಿನ ಶಕ್ತಿಗಿಂತ ಹೆಚ್ಚಾಗಿ ಈ ಬಿಸಿ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ದಾರಿ ಚಾರ್ಜ್ ಪಂಪ್. ಇದರಲ್ಲಿ ಬಕ್ ಕನ್ವರ್ಟರಿನಂತೆ ಕಾಯಿಲ್ ಇರುವುದಿಲ್ಲ, ಕೆಪ್ಯಾಸಿಟರುಗಳು ಮಾತ್ರ. ಎರಡು ಕೆಪ್ಯಾಸಿಟರುಗಳನ್ನು ಒಂದರ ಹಿಂದೊಂದು ಜೋಡಿಸಿ ತುಂಬಿಸಿ, ಪಕ್ಕಪಕ್ಕ ಜೋಡಿಸಿ ಖಾಲಿ ಮಾಡಿದಂತೆ ಎಂದು ಸ್ಥೂಲವಾಗಿ ಹೇಳಬಹುದು. ಬಂದ ವೋಲ್ಟೇಜ್ ಅರ್ಧವಾಗುತ್ತದೆ, ಕರೆಂಟ್ ಎರಡರಷ್ಟಾಗುತ್ತದೆ. ದಕ್ಷತೆ ಶೇಕಡ 97ರ ಸುತ್ತ. 25 ವ್ಯಾಟ್ ಬಂದರೂ ನಷ್ಟ ಮುಕ್ಕಾಲು ವ್ಯಾಟ್ ಮಾತ್ರ, ಬಕ್ ಕನ್ವರ್ಟರಿಗಿಂತ ಮೂರು ಪಟ್ಟು ಕಡಿಮೆ.

ಆದರೆ ಚಾರ್ಜ್ ಪಂಪಿಗೆ ಅರ್ಧ ಮಾಡುವುದು ಬಿಟ್ಟರೆ ಬೇರೇನೂ ಬಾರದು. 9 ವೋಲ್ಟ್ ಕೊಟ್ಟರೆ ಅದು 4.5 ಕೊಡುತ್ತದೆ. ಆ ಹೊತ್ತಿಗೆ ಬ್ಯಾಟರಿ 3.8ರಲ್ಲಿದ್ದರೆ ಇದು ಅಪಾಯ. ಹಾಗಾಗಿ ಒಳಬರುವ ವೋಲ್ಟೇಜ್ ಬ್ಯಾಟರಿಯ ಎರಡರಷ್ಟಕ್ಕೆ ಸರಿಯಾಗಿ ಹೊಂದಿರಬೇಕು, ಬ್ಯಾಟರಿ ಏರಿದಂತೆ ಅದೂ ಏರಬೇಕು. 5, 9, 15, 20 ಎಂಬ ಸ್ಥಿರ ಮೆಟ್ಟಿಲುಗಳಲ್ಲಿ ಇದು ಸಾಧ್ಯವಿಲ್ಲ.

2017ರಲ್ಲಿ ಪಿಡಿ 3.0ಗೆ ಸೇರಿದ ಪ್ರೋಗ್ರಾಮೆಬಲ್ ಪವರ್ ಸಪ್ಲೈ, ಅಂದರೆ ಪಿಪಿಎಸ್, ಹುಟ್ಟಿದ್ದು ಈ ಅಗತ್ಯಕ್ಕೇ. ಲೇಬಲ್ಲಿನ `3.3-11V` ಎಂಬುದರ ಅರ್ಥ, ಆ ಎರಡು ಅಂಕಿಗಳ ನಡುವೆ ಫೋನು ಯಾವ ವೋಲ್ಟೇಜ್ ಬೇಕಾದರೂ ಕೇಳಬಹುದು, 0.02 ವೋಲ್ಟ್‌ನ ಸಣ್ಣ ಹೆಜ್ಜೆಗಳಲ್ಲಿ. ಕರೆಂಟಿನ ಮಿತಿಯನ್ನೂ 0.05 ಆಂಪ್ಸ್‌ನ ಹೆಜ್ಜೆಗಳಲ್ಲಿ ಹೇಳಬಹುದು. ಒಮ್ಮೆ ಕೇಳಿ ಸುಮ್ಮನಾಗುವಂತಿಲ್ಲ. ಸುಮಾರು 10 ಸೆಕೆಂಡಿಗೊಮ್ಮೆಯಾದರೂ ಫೋನು ತನ್ನ ಬೇಡಿಕೆಯನ್ನು ಮತ್ತೆ ಹೇಳಬೇಕು. ಹೇಳದಿದ್ದರೆ ಫೋನಿಗೆ ಏನೋ ಆಗಿದೆ ಎಂದು ಭಾವಿಸಿ ಚಾರ್ಜರ್ ಎಲ್ಲವನ್ನೂ ಕೈಬಿಟ್ಟು 5 ವೋಲ್ಟ್‌ನಿಂದ ಮತ್ತೆ ಶುರುಮಾಡುತ್ತದೆ. ವೋಲ್ಟೇಜ್ ಹೊಂದಿಸುವ ಕಷ್ಟದ ಕೆಲಸ ಫೋನಿನಿಂದ ಗೋಡೆಯ ಪ್ಲಗ್ಗಿಗೆ ವರ್ಗವಾಯಿತು. ಆ ಕೆಲಸದ ಬಿಸಿಯೂ ಅಲ್ಲಿಗೇ ಹೋಯಿತು.

ಈಗ ನಮ್ಮ ಮೊದಲ ಲೆಕ್ಕವನ್ನು ಬಿಡಿಸಬಹುದು. ಫೋನಿನಿಂದ ಫೋನಿಗೆ ಅಂಕಿಗಳು ಸ್ವಲ್ಪ ಅತ್ತಿತ್ತ ಆಗುತ್ತವೆ, ಲೆಕ್ಕದ ದಾರಿ ಒಂದೇ. ಬ್ಯಾಟರಿ 3.8 ವೋಲ್ಟ್‌ನಲ್ಲಿದೆ. ಎರಡರಷ್ಟು ಅಂದರೆ 7.6, ದಾರಿಯ ನಷ್ಟಕ್ಕೆ 0.3 ಸೇರಿಸಿ ಫೋನು 7.9 ವೋಲ್ಟ್ ಕೇಳುತ್ತದೆ. ನಮ್ಮ 65 ವ್ಯಾಟ್ ಚಾರ್ಜರಿನ ಪಿಪಿಎಸ್ ಸಾಲಿನಲ್ಲಿ 3 ಆಂಪ್ಸ್‌ಗಿಂತ ಹೆಚ್ಚಿಲ್ಲ. 7.9 ಗುಣಿಸು 3 ಅಂದರೆ ಸುಮಾರು 23.7 ವ್ಯಾಟ್. ಬ್ಯಾಟರಿ 4.2ಕ್ಕೆ ಏರಿದಾಗ ಬೇಡಿಕೆ 8.7 ವೋಲ್ಟ್, ಆಗ 26.1 ವ್ಯಾಟ್. ಮೀಟರಿನಲ್ಲಿ ಕಂಡ 25ರ ಗುಟ್ಟು ಇಷ್ಟೆ. ಚಾರ್ಜರ್ 21 ವೋಲ್ಟ್‌ವರೆಗೆ ಕೊಡಬಲ್ಲದು ಎಂಬುದರಿಂದ ಈ ಫೋನಿಗೆ ಕಿಂಚಿತ್ತೂ ಲಾಭವಿಲ್ಲ, ಬ್ಯಾಟರಿಯ ಎರಡರಷ್ಟನ್ನು ಮೀರಿ ಅದು ಕೇಳುವುದೇ ಇಲ್ಲ.

ಎರಡನೆಯ ಚಾರ್ಜರಿನಲ್ಲಿ ಅದೇ 8.7 ವೋಲ್ಟಿಗೆ 4.5 ಆಂಪ್ಸ್ ಸಿಗುತ್ತದೆ. ಸುಮಾರು 39 ವ್ಯಾಟ್. ಪರದೆಯ ಮೇಲೆ `2.0` ಬರುವುದು ಇದರಿಂದ. ಕಡಿಮೆ ಬೆಲೆಯ, ಕಡಿಮೆ ವ್ಯಾಟಿನ ಚಾರ್ಜರ್ ಕೆಲವೊಮ್ಮೆ ದೊಡ್ಡದನ್ನು ಹಿಂದೆ ಹಾಕುವುದು ಹೀಗೆ.

ಪಿಪಿಎಸ್ ಸಾಲೇ ಇಲ್ಲದ ಪಿಡಿ ಚಾರ್ಜರ್ ಹಾಕಿದರೆ ಇದೇ ಗ್ಯಾಲಕ್ಸಿ ಫೋನು ಬಕ್ ಕನ್ವರ್ಟರಿಗೆ ಮರಳುತ್ತದೆ, 9 ವೋಲ್ಟ್ ತೆಗೆದುಕೊಂಡು ಬಿಸಿಗೆ ಹೆದರಿ 15 ವ್ಯಾಟ್‌ನ ಸುತ್ತ ನಿಲ್ಲುತ್ತದೆ. ಪರದೆಯ ಮೇಲೆ ಬರೀ `Fast charging`. ಐಫೋನುಗಳ ರೀತಿ ಬೇರೆ. 2017ರ ಐಫೋನ್ 8ರಿಂದಲೂ ಅವು ಪಿಡಿಯ ಸ್ಥಿರ 9 ವೋಲ್ಟನ್ನೇ ನೆಚ್ಚಿಕೊಂಡು ಬಂದವು, ಪಿಪಿಎಸ್ ಬೇಡಲಿಲ್ಲ. ಹಾಗಾಗಿ ಆಪಲ್‌ನ 20 ವ್ಯಾಟ್ ಚಾರ್ಜರ್ ಐಫೋನಿಗೆ ಚೆನ್ನಾಗಿ ನಡೆದು, ಪಕ್ಕದ ಗ್ಯಾಲಕ್ಸಿಗೆ ಮಂದವೆನಿಸುತ್ತದೆ. ಅತ್ತ ಪಿಪಿಎಸ್‌ಗೆ ಹೆಚ್ಚು ದುಡ್ಡು ಕೊಟ್ಟು ತಂದ ಚಾರ್ಜರಿನಿಂದ ಅಂಥ ಐಫೋನಿಗೆ ಹೆಚ್ಚಿನದೇನೂ ಸಿಗುವುದಿಲ್ಲ.

ಕೇಬಲ್ಲಿನ ಪಾತ್ರವೂ ಈ ಲೆಕ್ಕದಲ್ಲಿ ಸೇರಿಕೊಂಡಿದೆ. ಸಾಮಾನ್ಯ ಸಿ-ಟು-ಸಿ ಕೇಬಲ್ಲಿನ ಮಿತಿ 3 ಆಂಪ್ಸ್. ಅದಕ್ಕೂ ಹೆಚ್ಚು ಹರಿಯಬೇಕಾದರೆ ಕೇಬಲ್ಲಿನ ತುದಿಯೊಳಗೆ ಇ-ಮಾರ್ಕರ್ ಎಂಬ ಪುಟ್ಟ ಚಿಪ್ ಇರಬೇಕು. ನಾನು 5 ಆಂಪ್ಸ್ ತಡೆಯಬಲ್ಲೆ ಎಂದು ಆ ಚಿಪ್ ಹೇಳದಿದ್ದರೆ, ಚಾರ್ಜರ್ ತನ್ನ ಪಟ್ಟಿಯಲ್ಲಿ 3 ಆಂಪ್ಸ್‌ಗಿಂತ ಮೇಲಿನದನ್ನು ತೋರಿಸುವುದೇ ಇಲ್ಲ. ಫೋನಿಗೆ ಕಾಣದ್ದನ್ನು ಫೋನು ಕೇಳುವುದಿಲ್ಲ. ಸರಿಯಾದ ಚಾರ್ಜರ್ ಇದ್ದೂ `2.0` ಬರಲಿಲ್ಲವೆಂದರೆ ಮೊದಲು ಅನುಮಾನಿಸಬೇಕಾದ್ದು ಕೇಬಲ್ಲನ್ನು. ದಪ್ಪ ನೋಡಿ, ಹೆಣಿಗೆ ನೋಡಿ ಹೇಳಲಾಗದು. ಯುಎಸ್‌ಬಿ ಒಕ್ಕೂಟದ ಈಗಿನ ಪದ್ಧತಿಯಲ್ಲಿ ಕೇಬಲ್ಲಿನ ಮೇಲೆ `60W` ಅಥವಾ `240W` ಎಂದು ಬರೆಯಬೇಕು. ಹಳೆಯ 5 ಆಂಪ್ಸ್ ಕೇಬಲ್ಲುಗಳ ಮೇಲೆ `100W` ಎಂದಿರುತ್ತದೆ. `60W` ಎಂದರೆ 3 ಆಂಪ್ಸ್‌ನದು, ಉಳಿದೆರಡೂ 5 ಆಂಪ್ಸ್‌ನವು.

ಇನ್ನು ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ, ಶಿಯೋಮಿ ಫೋನುಗಳ ಕಥೆ. ಒಪ್ಪೊ 2014ರಲ್ಲಿ ಫೈಂಡ್ 7 ಫೋನಿನೊಂದಿಗೆ ತಂದ ವೂಕ್ ಪದ್ಧತಿ, ಪಿಡಿ ಹಿಡಿದ ದಾರಿಗೆ ಬೆನ್ನುಹಾಕಿ ಹೊರಟಿತು. ವೋಲ್ಟೇಜ್ 5ರಲ್ಲೇ ಇರಲಿ, ಕರೆಂಟನ್ನು 4 ಆಂಪ್ಸ್‌ನ ಮಟ್ಟಕ್ಕೆ ಏರಿಸೋಣ, ತಂತಿಯ ನಷ್ಟವನ್ನು ದಪ್ಪ ತಂತಿಯಿಂದ ನಿಭಾಯಿಸೋಣ ಎಂಬುದು ಅದರ ಲೆಕ್ಕ. ಫೋನಿನೊಳಗೆ ವೋಲ್ಟೇಜ್ ಇಳಿಸುವ ಕೆಲಸವೇ ಬಹುಮಟ್ಟಿಗೆ ಇಲ್ಲ, ಬಿಸಿಯೂ ಕಡಿಮೆ. ಫೋನಿನಲ್ಲಿ ಆಟ ಆಡುತ್ತಿದ್ದಾಗಲೂ ವೇಗ ಅಷ್ಟಾಗಿ ಕುಗ್ಗದಿರಲು ಕಾರಣ ಇದು. ಪಿಪಿಎಸ್ ಬರುವುದಕ್ಕೆ ಮೂರು ವರ್ಷ ಮೊದಲೇ, ಬಿಸಿಯನ್ನು ಚಾರ್ಜರಿಗೆ ಸಾಗಹಾಕುವ ವಿಚಾರವನ್ನು ಮಾರುಕಟ್ಟೆಯಲ್ಲಿ ನಡೆಸಿ ತೋರಿಸಿದ ಕೆಲಸವೆಂದು ನಾನು ಅದನ್ನು ಮೆಚ್ಚುತ್ತೇನೆ.

ಅದು ಬೆಳೆದು ಸೂಪರ್‌ವೂಕ್ ಆಯಿತು. 65 ವ್ಯಾಟ್‌ನ ಸೂಪರ್‌ವೂಕ್ ಚಾರ್ಜರ್ ಕೊಡುವುದು 10 ವೋಲ್ಟ್, 6.5 ಆಂಪ್ಸ್. ಪಿಡಿ ನಿಯಮದಲ್ಲಿ 5 ಆಂಪ್ಸ್ ದಾಟುವಂತಿಲ್ಲ. ಅಂದಮೇಲೆ ಈ ವೇಗವನ್ನು ಪಿಡಿಯ ಮೂಲಕ ಕೇಳಲು ದಾರಿಯೇ ಇಲ್ಲ. ಚಾರ್ಜರಿನಲ್ಲಿ ಕಂಪನಿಯದೇ ಚಿಪ್, ಕಂಪನಿಯದೇ ಕೇಬಲ್, ಕಂಪನಿಯದೇ ಸಂದೇಶಗಳು ಬೇಕು. ಆ ಸಂದೇಶಗಳು ಹೋಗುವುದು ಸಿಸಿ ತಂತಿಯಲ್ಲಲ್ಲ, ಡೇಟಾ ತಂತಿಗಳಲ್ಲಿ. ಅವುಗಳ ಅನೇಕ ಚಾರ್ಜರುಗಳಲ್ಲಿ ಹಳೆಯ ಚಪ್ಪಟೆ ಯುಎಸ್‌ಬಿ ತೂತೇ ಇರುವುದಕ್ಕೆ ಅದು ಸಾಕಾಗುತ್ತದೆ ಎಂಬುದೂ ಒಂದು ಕಾರಣ.

ಚಪ್ಪಟೆ ತೂತಿನಲ್ಲಿ ಸಿಸಿ ತಂತಿಗೆ ಜಾಗವಿಲ್ಲ. ಅಂಥ ಚಾರ್ಜರಿಗೆ ಗ್ಯಾಲಕ್ಸಿಯನ್ನೋ ಐಫೋನನ್ನೋ ಹಾಕಿದರೆ ಪಿಡಿ ಮಾತುಕತೆ ಶುರುವಾಗುವುದೇ ಇಲ್ಲ. ಡಬ್ಬದ ಮೇಲೆ 80 ವ್ಯಾಟ್ ಎಂದಿದ್ದರೂ ಆ ಫೋನಿಗೆ ಸಿಗುವುದು 10 ವ್ಯಾಟೋ 15 ವ್ಯಾಟೋ. ಅತ್ತ ಒನ್‌ಪ್ಲಸ್ ಫೋನನ್ನು ಪಿಡಿ ಚಾರ್ಜರಿಗೆ ಹಾಕಿದರೆ, ಇಬ್ಬರಿಗೂ ಬರುವ ಭಾಷೆಗೆ ಇಳಿಯಬೇಕು. ಹಳೆಯ ಮಾದರಿಗಳಲ್ಲಿ ಅದು 18 ವ್ಯಾಟ್‌ನಷ್ಟು. ಹೊಸ ಮಾದರಿಗಳು ಪಿಪಿಎಸ್ ಕಲಿತಿರುವುದರಿಂದ ಅದಕ್ಕಿಂತ ಸಾಕಷ್ಟು ಮೇಲೆ ಹೋಗುತ್ತವೆ, ಆದರೆ ತಮ್ಮ ಸ್ವಂತ ಚಾರ್ಜರಿನ ವೇಗ ಮುಟ್ಟುವುದಿಲ್ಲ.

ಇಷ್ಟೆಲ್ಲ ಸರಿಹೊಂದಿದ ಮೇಲೂ ಪೂರ್ಣ ವೇಗ ಪೂರ್ತಿ ಸಮಯ ಇರುವುದಿಲ್ಲ. ನಲ್ಲಿಯ ಕೆಳಗಿಟ್ಟ ಕೊಡ ಕಂಠಕ್ಕೆ ಬಂದಾಗ ನಾವು ನಲ್ಲಿಯನ್ನು ಸಣ್ಣ ಮಾಡುವಂತೆ, ಬ್ಯಾಟರಿ ತನ್ನ ಗರಿಷ್ಠ ವೋಲ್ಟೇಜ್ ತಲುಪಿದ ಮೇಲೆ ಫೋನು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಇಳಿಸದಿದ್ದರೆ ಬ್ಯಾಟರಿಯೊಳಗೆ ಲಿಥಿಯಂ ಲೋಹವಾಗಿ ಹೆಪ್ಪುಗಟ್ಟಿ ಆಯಸ್ಸೂ ಹೋಗುತ್ತದೆ, ಅಪಾಯವೂ ಬರುತ್ತದೆ. ಆದ್ದರಿಂದ ಚಾರ್ಜರನ್ನು ಪರೀಕ್ಷಿಸುವವರು ಫೋನು ಶೇಕಡ 20ರ ಆಸುಪಾಸಿನಲ್ಲಿ ಇರುವಾಗ, ತಣ್ಣಗಿರುವಾಗ, ಪರದೆ ಆರಿಸಿ ನೋಡಬೇಕು. ಶೇಕಡ 85ರಲ್ಲಿ ಮೀಟರ್ ಹಾಕಿ 9 ವ್ಯಾಟ್ ಕಂಡು ಚಾರ್ಜರನ್ನು ಬೈಯುವುದು ತಪ್ಪು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಧ್ಯಾಹ್ನ ಅದೇ ಚಾರ್ಜರು ಅದೇ ಫೋನಿಗೆ ಅರ್ಧ ವೇಗ ಕೊಟ್ಟರೂ ಅಚ್ಚರಿಯಿಲ್ಲ. ಬಿಸಿಯಾದ ಫೋನು ತಾನೇ ಕಡಿಮೆ ಕೇಳುತ್ತದೆ. 45 ಮತ್ತು 25 ವ್ಯಾಟ್‌ಗಳ ನಡುವಿನ ವ್ಯತ್ಯಾಸ ಪೂರ್ತಿ ತುಂಬುವ ಸಮಯದಲ್ಲಿ ಅಂಕಿಯಷ್ಟು ದೊಡ್ಡದಾಗಿ ಕಾಣದಿರುವುದೂ ಇದರಿಂದಲೇ. ಲಾಭವೆಲ್ಲ ಮೊದಲ ಅರ್ಧದಲ್ಲಿ.

ಎರಡು ಮೂರು ತೂತಿರುವ ಚಾರ್ಜರುಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ಫೋನು ಇದ್ದಾಗ 65 ವ್ಯಾಟ್ ಪೂರ್ತಿ ಅದರದ್ದು. ಪಕ್ಕದಲ್ಲಿ ಇಯರ್‌ಬಡ್ಸ್ ಸಿಕ್ಕಿಸಿದ ಕೂಡಲೇ ಚಾರ್ಜರ್ ಶಕ್ತಿಯನ್ನು 45 ಮತ್ತು 20 ಎಂದು ಹಂಚಿಬಿಡುತ್ತದೆ, ಫೋನಿಗೆ ಹೊಸ ಪಟ್ಟಿ ಕಳಿಸುತ್ತದೆ. ಫೋನಿನ ಚಾರ್ಜಿಂಗ್ ಗುರುತು ಒಂದು ಕ್ಷಣ ಆರಿ ಹೊತ್ತಿಕೊಳ್ಳುವುದು ಆ ಹೊತ್ತಿನಲ್ಲಿ. ಹೊಸ ಪಟ್ಟಿಯಲ್ಲಿ ಪಿಪಿಎಸ್ ಸಾಲಿನ ಆಂಪ್ಸ್ ಇಳಿದಿರಬಹುದು, ಕೆಲವು ಚಾರ್ಜರುಗಳಲ್ಲಿ ಆ ಸಾಲೇ ಕಾಣೆಯಾಗಬಹುದು. ಹಂಚಿಕೆ ಹೇಗೆ ಎಂಬ ವಿವರ ಡಬ್ಬದ ಮೇಲೋ ಒಳಗಿನ ಚೀಟಿಯಲ್ಲೋ ಇರುತ್ತದೆ.

ಕಾನೂನುಗಳೂ ಈ ಗೋಜಲಿಗೆ ಕೈಹಾಕಿವೆ. ಐರೋಪ್ಯ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯ. 15 ವ್ಯಾಟ್‌ಗಿಂತ ಹೆಚ್ಚು ವೇಗದಲ್ಲಿ ಚಾರ್ಜ್ ಆಗುವವು ಪಿಡಿಯನ್ನೂ ಒಪ್ಪಿಕೊಳ್ಳಬೇಕು. ಕಂಪನಿಯ ಸ್ವಂತ ಪದ್ಧತಿ ಜೊತೆಯಲ್ಲಿರಬಹುದು, ಅದು ಪಿಡಿಗೆ ಅಡ್ಡಿಯಾಗಬಾರದು. ನಮ್ಮ ಭಾರತೀಯ ಮಾನಕ ಬ್ಯೂರೊ ಕೂಡ ಟೈಪ್-ಸಿಗೆ ಭಾರತೀಯ ಗುಣಮಟ್ಟವನ್ನು ಪ್ರಕಟಿಸಿದೆ. ತೂತಿನ ಆಕಾರ ಒಂದಾಗಿರುವುದು ದೊಡ್ಡ ಅನುಕೂಲ, ಆದರೆ ಆಕಾರ ಒಂದಾದ ಮಾತ್ರಕ್ಕೆ ಪಿಪಿಎಸ್ ಸಾಲಿನ ಆಂಪ್ಸ್ ಒಂದಾಗುವುದಿಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಗಳಲ್ಲಿ ಚಾರ್ಜರ್ ಕೇಳಿದರೆ ಮೊದಲ ಪ್ರಶ್ನೆ, "ಎಷ್ಟು ವ್ಯಾಟಿಂದು ಬೇಕು ಸಾರ್?" ಅದಕ್ಕೆ ಉತ್ತರ ಕೊಡುವ ಮೊದಲು, "ಅಣ್ಣ, ಹಿಂದ್ಗಡೆ ಪಿಪಿಎಸ್ ಎಷ್ಟು ಆಂಪ್ಸ್ ಅಂತಿದೆ, ಒಂದ್ಸಲ ತೋರ್ಸಿ" ಎಂದು ಡಬ್ಬವನ್ನು ಕೈಗೆ ತೆಗೆದುಕೊಳ್ಳಿ. ಮನೆಯಲ್ಲಿ 25 ವ್ಯಾಟ್‌ನ ಗ್ಯಾಲಕ್ಸಿಯೂ ಐಫೋನೂ ಇದ್ದರೆ `3.3-11V⎓3A` ಎಂದಿರುವ 30 ವ್ಯಾಟ್‌ನ ಚಾರ್ಜರ್, ಮಾಮೂಲಿ 3 ಆಂಪ್ಸ್ ಕೇಬಲ್ ಎರಡಕ್ಕೂ ಧಾರಾಳವಾಯಿತು. 45 ವ್ಯಾಟ್‌ನ ಗ್ಯಾಲಕ್ಸಿಗೆ ಅದೇ ಸಾಲಿನಲ್ಲಿ 4 ಆಂಪ್ಸ್‌ಗಿಂತ ಹೆಚ್ಚಿರಬೇಕು, ಜೊತೆಗೆ 5 ಆಂಪ್ಸ್ ಕೇಬಲ್. ಒನ್‌ಪ್ಲಸ್ ಅಥವಾ ಒಪ್ಪೊ ಇದ್ದರೆ ಅದರ ಡಬ್ಬದಲ್ಲಿ ಬಂದ ಚಾರ್ಜರನ್ನೂ ಕೇಬಲ್ಲನ್ನೂ ಬೇರೆ ಮಾಡದೆ ಜೋಡಿಯಾಗಿಯೇ ಇಟ್ಟುಕೊಳ್ಳಿ. ಆ ಕೇಬಲ್ ಕಳೆದು ಬೇರೆಯದನ್ನು ಹಾಕಿದರೆ, ಚಾರ್ಜರ್ ಅದೇ ಇದ್ದರೂ ಸೂಪರ್‌ವೂಕ್ ಶುರುವಾಗದೇ ಇರಬಹುದು.